‘ಹೊಟ್ಟೆ ಮೇಲೆ ಹೊಡೀಬೇಡಿ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪು. ಹನ್ನೆರಡು ಜನ ಕೆಲಸಗಾರರು, ಲೇತು, ಎರಡು ಸಿಎನ್‌ಸಿ ಮೆಷಿನ್ನು. ಇಂಗ್ಲೆಂಡಿನ ಕಂಪನಿಯೊಂದಕ್ಕೆ ಉಕ್ಕಿನ ಬುಷ್ ಮಾಡಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಜೂನ್ 3ರ ಬಿಲ್ಲಿನ ಹಣಕ್ಕೆ ಅರವತ್ತು ದಿನದ ಗಡುವು. ಆಗಸ್ಟ್ 2 ಕಳೆದರೂ ಹಣವಿಲ್ಲ. ಮಾಲೀಕರು ಅಕೌಂಟ್ಸ್ ನೋಡುವ ಹುಡುಗಿಯನ್ನು ಕರೆದು ಮೇಲ್ ಹೇಳಿ ಬರೆಸುತ್ತಾರೆ: “ಸಾರ್, ಬಿಲ್ ಕಳಿಸಿ ಎರಡು ತಿಂಗಳ ಮೇಲಾಯ್ತು. ಹೀಗೆ ಮಾಡಿದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ. ನಂಬಿದವರಿಗೆ ಕೈ ಕೊಡಬಾರದು. ಹೊಸ ಡ್ರಾಯಿಂಗ್‌ನಲ್ಲಿ ಒಂದೆರಡು ಡೌಟ್ ಇದೆ, ಅದನ್ನೂ ಕ್ಲಿಯರ್ ಮಾಡಿ.”

ಕನ್ನಡದಲ್ಲಿ ಇದು ಒಳ್ಳೆಯ ಕಾಗದ. ಕಷ್ಟವಿದೆ, ಸಲಿಗೆಯಿದೆ, ಎಲ್ಲೂ ಬೈಗುಳವಿಲ್ಲ. ಇದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಏನಾಗುತ್ತದೆ ನೋಡಿ. ‘ಯು ಆರ್ ಹಿಟಿಂಗ್ ಅವರ್ ಸ್ಟಮಕ್’ ಎಂದು ಓದಿದ ಆ ಕಡೆಯವರಿಗೆ ಹೊಡೆದಾಟದ ಆರೋಪ ಕೇಳಿಸುತ್ತದೆ, ಅನ್ನದ ಮಾತು ಕೇಳಿಸುವುದೇ ಇಲ್ಲ. ಮುಂದಿನದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ‘ಕೈ ಕೊಡು’ ಎಂದರೆ ನಡುನೀರಿನಲ್ಲಿ ಬಿಟ್ಟು ಹೋಗು ಎಂದರ್ಥ. ಇಂಗ್ಲಿಷಿನವರಿಗೆ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ಹಾಗಾಗಿ ‘ನಂಬಿದವರಿಗೆ ನೆರವಾಗಬಾರದು’ ಎಂದು ಬರೆದಂತಾಯಿತು. ಕೊನೆಯದಾಗಿ ಡೌಟು. ನಾವು ಶಾಲೆಯಲ್ಲಿ ಕೈಯೆತ್ತಿ ‘ಮಿಸ್, ಡೌಟು’ ಎನ್ನುವಾಗ ಅದು ಬರೀ ಪ್ರಶ್ನೆ. ಅಲ್ಲಿಯ ಎಂಜಿನಿಯರ್‌ಗೆ ಮಾತ್ರ ‘ವಿ ಹ್ಯಾವ್ ಡೌಟ್ಸ್ ಅಬೌಟ್ ಯುವರ್ ಡ್ರಾಯಿಂಗ್’ ಎಂದರೆ ನಿಮ್ಮ ನಕ್ಷೆಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದಂತೆ. ಮೂರರಲ್ಲಿ ಇದೇ ಹೆಚ್ಚು ಅಪಾಯದ್ದು. ಮೊದಲೆರಡು ವಾಕ್ಯ ವಿಚಿತ್ರವಾಗಿರುವುದರಿಂದ ಓದಿದವರು ತಿರುಗಿ ಕೇಳಿಯಾರು. ಡೌಟಿನ ವಾಕ್ಯ ವ್ಯಾಕರಣಶುದ್ಧವಾಗಿದೆ, ಯಾರೂ ಕೇಳುವುದಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ಸರಿಪಡಿಸಲು ಇಂಗ್ಲಿಷಿನ ನುಡಿಗಟ್ಟುಗಳ ಪುಸ್ತಕ ತೆರೆಯಬೇಕಿಲ್ಲ. ಆ ನುಡಿಗಟ್ಟು ಕನ್ನಡದ ಕಾಗದದಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕು. ಹೊಟ್ಟೆಯ ಮಾತು ಬಂದದ್ದು ಈ ಹಣ ತಡವಾದರೆ ಸಂಬಳ ನಿಲ್ಲುತ್ತದೆ ಎಂದು ತಿಳಿಸಲು. ಹಾಗಾದರೆ ಅದನ್ನೇ ಬರೆಯಿರಿ: ‘ನಮ್ಮದು ಹನ್ನೆರಡು ಜನರ ಘಟಕ. ಈ ತಿಂಗಳ ಸಂಬಳವನ್ನೂ ನಿಮ್ಮ ಮುಂದಿನ ಆರ್ಡರಿಗೆ ಬೇಕಾದ ಉಕ್ಕನ್ನೂ ಇದೇ ಹಣದಿಂದ ಹೊಂದಿಸಬೇಕು.’ ಕನ್ನಡದಲ್ಲಿ ನುಡಿಗಟ್ಟು ಹೊತ್ತಿದ್ದ ಭಾರವನ್ನು ಇಂಗ್ಲಿಷಿನಲ್ಲಿ ಈ ವಿವರ ಹೊರುತ್ತದೆ. ಕೈ ಕೊಡುವ ಮಾತು ಬಂದದ್ದು ಹಳೆಯ ಸಂಬಂಧ ನೆನಪಿಸಲು. ಎಷ್ಟು ವರ್ಷದಿಂದ ಮಾಲು ಕಳಿಸುತ್ತಿದ್ದೇವೆ, ಹಿಂದಿನ ಬಿಲ್ಲುಗಳೆಲ್ಲ ಹೇಗೆ ಸಮಯಕ್ಕೆ ಸರಿಯಾಗಿ ಬಂದವು ಎಂದು ಒಂದು ವಾಕ್ಯ ಬರೆದರೆ ಸಾಕು. ಡೌಟಿನ ಜಾಗದಲ್ಲಿ ‘ಎರಡು ಪ್ರಶ್ನೆಗಳಿವೆ’ ಎಂದು ಬರೆದು ಆ ಎರಡನ್ನೂ ಕೆಳಗೇ ಕೇಳಬೇಕು. ಕೊನೆಗೆ ಬಿಲ್ಲಿನ ನಂಬರು, ತಾರೀಖು, ಗಡುವು ಮುಗಿದ ದಿನ, ಯಾವ ದಿನದೊಳಗೆ ಉತ್ತರ ಬೇಕು ಎಂಬುದು. ಹೀಗೆ ಬರೆದ ಮೇಲ್ ತಣ್ಣಗೆ ಕಾಣುತ್ತದೆ ಎಂದು ನಮ್ಮವರಿಗೆ ಅಳುಕು. ಓದುವವರಿಗೆ ಅದು ತಣ್ಣಗಿಲ್ಲ, ಸ್ಪಷ್ಟವಾಗಿದೆ.

ಗಾದೆಗಳ ಕಥೆ ಬೇರೆ. ಅಲ್ಲಿ ಅರ್ಥ ಕೆಡುವುದಕ್ಕಿಂತ ಮರ್ಯಾದೆ ಕೆಡುವುದೇ ಹೆಚ್ಚು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವ ಜನ ನಾವು. ಮನೆಯಲ್ಲಿ ಗಾದೆ ಹೇಳುವವರು ಹಿರಿಯರು, ಹೇಳಿಸಿಕೊಳ್ಳುವವರು ಕಿರಿಯರು. ಗಾದೆ ಬಿತ್ತೆಂದರೆ ಆ ಮಾತಿಗೆ ಮುಂದೆ ವಾದವಿಲ್ಲ. ವ್ಯವಹಾರದ ಮೇಲ್‌ನಲ್ಲಿ ಗಾದೆ ಬಂದಾಗಲೂ ಈ ಹಿರಿ-ಕಿರಿತನ ಅದರ ಜೊತೆಗೇ ಬರುತ್ತದೆ, ಅನುವಾದ ಎಷ್ಟೇ ಸರಿಯಾಗಿರಲಿ.

‘ಮನಸ್ಸಿದ್ದರೆ ಮಾರ್ಗ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಸಮನಾದ ಗಾದೆಯೇ ಇದೆ. ಬೆಂಗಳೂರಿನ ಹೆಡ್ ಆಫೀಸಿನವರು ಹುಬ್ಬಳ್ಳಿಯ ಡೀಲರಿಗೆ ಈ ತಿಂಗಳ ಟಾರ್ಗೆಟ್ ಬಗ್ಗೆ ಇಂಗ್ಲಿಷಿನಲ್ಲಿ ಅದನ್ನು ಬರೆದರು, ಕೆಳಗಿನವರು ಯಥಾವತ್ತು ಕನ್ನಡ ಮಾಡಿ ಕಳಿಸಿದರು ಎನ್ನಿ. ಅನುವಾದದಲ್ಲಿ ಒಂದು ಅಕ್ಷರದ ತಪ್ಪಿಲ್ಲ. ಆದರೆ ಮಳೆಯಿಂದ ರಸ್ತೆ ಕಟ್ಟಾಗಿ ಲಾರಿ ಬರುತ್ತಿಲ್ಲ ಎಂದು ಹಿಂದಿನ ದಿನ ತಾನೇ ಬರೆದಿದ್ದ ಡೀಲರಿಗೆ ಅದು ‘ನಿಮಗೆ ಮನಸ್ಸಿಲ್ಲ’ ಎಂದು ಕೇಳಿಸುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಕೂಡ ಹೀಗೆಯೇ. ‘ನಾವು ಹಾಸಿಗೆ ಇದ್ದಷ್ಟೇ ಕಾಲು ಚಾಚುವವರು, ಆದ್ದರಿಂದ ಐನೂರು ಪೀಸಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ’ ಎಂದು ತನ್ನ ಬಗ್ಗೆ ಹೇಳಿಕೊಂಡರೆ ವಿನಯ. ಅದನ್ನೇ ಗಿರಾಕಿಯ ಬಜೆಟ್ಟಿನ ಬಗ್ಗೆ ಹೇಳಿದರೆ ಅವಮಾನ. ನಾನು ಪಾಲಿಸುವ ಕಟ್ಟುನಿಟ್ಟು ಇದೊಂದೇ: ಗಾದೆ ನನ್ನ ಮೇಲೆ ಬೀಳುವಂತಿದ್ದರೆ ಇರಲಿ, ಓದುವವರ ಮೇಲೆ ಬೀಳುವಂತಿದ್ದರೆ ಯಾವ ಭಾಷೆಯಲ್ಲೂ ಬೇಡ. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬಂಥವು ಈ ಪರೀಕ್ಷೆಯವರೆಗೂ ಬರಬಾರದು. ಒಬ್ಬರ ದೇಹದ ಊನವನ್ನು ಆಡಿಕೊಳ್ಳುವ, ಜಾತಿಯನ್ನೋ ಹೆಂಗಸರನ್ನೋ ಹೀಗಳೆಯುವ ಗಾದೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಾಯಿಗೆ ರೂಢಿಯಾದದ್ದರಿಂದ ಅವುಗಳ ಮೊನೆ ನಮಗೆ ಕಾಣುವುದಿಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಇನ್ನೊಂದು ಬಗೆಯ ತೊಡಕು. ‘ಪುಶ್ ದಿ ಎನ್‌ವಲಪ್’ ಎಂದರೆ ಈವರೆಗಿನ ಮಿತಿಯನ್ನು ದಾಟಿ ಪ್ರಯತ್ನಿಸಿ ಎಂದು. ಅದು ಸೇಲ್ಸ್ ತಂಡದ ಕನ್ನಡ ಸುತ್ತೋಲೆಯಲ್ಲಿ ‘ಕವರ್ ತಳ್ಳಿ’ ಎಂದಾದರೆ ನಮ್ಮ ಊರುಗಳಲ್ಲಿ ಅದಕ್ಕೆ ಒಂದೇ ಅರ್ಥ, ಲಂಚ. ‘ವಾರ್ಮ್ ಅಪ್’ ಮಾಡಿ ಎಂಬುದನ್ನು ಬೆಚ್ಚಗೆ ಮಾಡಿ ಎಂದು ತಂದು, ಅದರ ಪಕ್ಕ ‘ಕೈ’ ಎಂಬ ಪದ ಬಂದರೂ ಅಷ್ಟೆ. ಇನ್ನು ‘ಬಾಲ್ ಈಸ್ ಇನ್ ಯುವರ್ ಕೋರ್ಟ್’, ಒಂದೇ ಕಲ್ಲಿಗೆ ಎರಡು ಹಕ್ಕಿ ಮುಂತಾದವು ಪತ್ರಿಕೆಗಳ ಮೂಲಕ ಕನ್ನಡದವೇ ಆಗಿಬಿಟ್ಟಿವೆ. ‘ಚೆಂಡು ಈಗ ನಿಮ್ಮ ಅಂಗಳದಲ್ಲಿದೆ’ ಎಂದು ಧಾರಾಳವಾಗಿ ಬರೆಯಬಹುದು.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮೂಲ ಕಾಗದವನ್ನು ನೋಡದ ಒಬ್ಬರಿಗೆ ಅನುವಾದವನ್ನು ಮಾತ್ರ ಓದಿಸಿ, ‘ಇದನ್ನು ಓದಿ ನೀವೀಗ ಏನು ಮಾಡುತ್ತೀರಿ?’ ಎಂದು ಕೇಳಿ. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ‘ಹಣ ಯಾವಾಗ ಕಳಿಸುತ್ತೇನೆಂದು ಉತ್ತರ ಬರೆಯುತ್ತೇನೆ’ ಎಂದರೆ ಮೇಲ್ ಹೊರಡಬಹುದು. ‘ಅವರಿಗೆ ಏನೋ ಬೇಜಾರಾಗಿದೆ ಅನ್ನಿಸುತ್ತೆ’ ಎಂದರೆ ನುಡಿಗಟ್ಟಿನ ಚಿತ್ರ ಇನ್ನೂ ಒಳಗೇ ಉಳಿದಿದೆ.

ಬಂದ ಉತ್ತರದಲ್ಲೂ ನುಡಿಗಟ್ಟು ಇರಬಹುದು. ಇಂಗ್ಲಿಷಿನವರು ತಮ್ಮತಮ್ಮಲ್ಲೇ ಇದರಲ್ಲಿ ಎಡವಿದ್ದಾರೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಈಗಲೇ ಚರ್ಚೆಗೆ ತರುವುದು, ಅಮೆರಿಕದಲ್ಲಿ ಅದನ್ನು ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ಕಡೆಯವರು ಈ ಒಂದು ಪದದಿಂದಾಗಿ ಬಹಳ ಹೊತ್ತು ವಾದ ಮಾಡಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು. ಹಾಗಾಗಿ ಪೀಣ್ಯದ ಆ ಮಾಲೀಕರಿಗೆ ‘ನಿಮ್ಮ ವಿಷಯ ಸೋಮವಾರ ಟೇಬಲ್ ಮಾಡುತ್ತೇವೆ’ ಎಂಬ ಉತ್ತರ ಬಂದರೆ, ಅರ್ಥ ಊಹಿಸುತ್ತ ಕೂರುವುದು ಬೇಡ. ಅದೇ ದಿನ ಒಂದು ಸಾಲು ಬರೆಯಬೇಕು: ‘ಸೋಮವಾರದ ಸಭೆಯಲ್ಲಿ ಜೂನ್ 3ರ ಬಿಲ್ಲಿನ ಬಗ್ಗೆ ತೀರ್ಮಾನಿಸಿ, ಹಣ ಬರುವ ತಾರೀಖನ್ನು ನಮಗೆ ತಿಳಿಸುತ್ತೀರಿ ಎಂದುಕೊಂಡಿದ್ದೇವೆ. ಇದು ಸರಿಯೇ?’