ಜೊಳ್ಳಿನ ಜೊತೆ ತೂರಿಹೋದ ಕಾಳು

ಒಂದು ಸಾಫ್ಟ್‌ವೇರ್ ಹುದ್ದೆಗೆ 1,000 ಅರ್ಜಿಗಳು ಬಂದಿದ್ದು, ಅವುಗಳಲ್ಲಿ ಸಂದರ್ಶನಕ್ಕೆ ನಿಜವಾಗಿ ಯೋಗ್ಯರಾದವರು 50 ಮಂದಿ ಎಂದು ಭಾವಿಸಿದರೆ, ಅರ್ಜಿ ಸೋಸುವ ತಂತ್ರಾಂಶವನ್ನು ಎರಡು ಬೇರೆ ಪ್ರಶ್ನೆಗಳಿಂದ ಅಳೆಯಬೇಕಾಗುತ್ತದೆ. ತಂತ್ರಾಂಶ ಆರಿಸಿಕೊಟ್ಟವರಲ್ಲಿ ಯೋಗ್ಯರ ಪಾಲೆಷ್ಟು ಎಂಬುದಕ್ಕೆ ‘ಪ್ರಿಸಿಷನ್’ ಎಂದೂ, ಒಟ್ಟು ಯೋಗ್ಯರಲ್ಲಿ ಅದರ ಕೈಗೆ ಸಿಕ್ಕವರ ಪಾಲೆಷ್ಟು ಎಂಬುದಕ್ಕೆ ‘ರೀಕಾಲ್’ ಎಂದೂ ಹೆಸರು.

ತಂತ್ರಾಂಶವು ಪ್ರತಿ ಅರ್ಜಿಗೂ 100ಕ್ಕೆ ಇಂತಿಷ್ಟು ಎಂದು ಅಂಕ ಕೊಡುತ್ತದೆ. 70 ಅಂಕದ ಗಡಿಯನ್ನು 40 ಮಂದಿ ದಾಟಿ, ಅವರಲ್ಲಿ 32 ಮಂದಿ ಯೋಗ್ಯರಾಗಿದ್ದರೆ ಪ್ರಿಸಿಷನ್ ಶೇ. 80, ರೀಕಾಲ್ ಶೇ. 64. ಗಡಿಯನ್ನು 50ಕ್ಕೆ ಇಳಿಸಿದಾಗ 150 ಮಂದಿ ದಾಟಿ, ಯೋಗ್ಯರ ಸಂಖ್ಯೆ 45ಕ್ಕೆ ಏರಿದರೆ ರೀಕಾಲ್ ಶೇ. 90 ಆಗುತ್ತದೆ, ಆದರೆ ಪ್ರಿಸಿಷನ್ ಶೇ. 30ಕ್ಕೆ ಕುಸಿಯುತ್ತದೆ. ಹೆಚ್ಚುವರಿ 13 ಯೋಗ್ಯರಿಗಾಗಿ ನೇಮಕಾತಿ ಸಿಬ್ಬಂದಿ ಇನ್ನೂ 110 ಅರ್ಜಿಗಳನ್ನು ಓದಬೇಕು. ಒಂದಕ್ಕೆ 6 ನಿಮಿಷ ಹಿಡಿದರೂ ಅದು 11 ಗಂಟೆಯ ಕೆಲಸ. ಒಂದೇ ಹುದ್ದೆಯಿದ್ದರೆ 32 ಮಂದಿಯೇ ಧಾರಾಳ. 20 ಹುದ್ದೆಗಳಿದ್ದರೆ ಆ 11 ಗಂಟೆ ದುಬಾರಿಯಲ್ಲ.

ತೊಡಕಿರುವುದು ಬೇರೆಡೆ. ದುರ್ಬಲ ಅರ್ಜಿಗಳು ಓದುವವರ ಮೇಜಿಗೇ ಬಂದು ಬೀಳುವುದರಿಂದ ಅವುಗಳ ಬಗ್ಗೆ ದೂರು ತಕ್ಷಣ ಹುಟ್ಟುತ್ತದೆ. 70ರ ಗಡಿಯಲ್ಲಿ ಕೈತಪ್ಪಿದ 18 ಯೋಗ್ಯರ ಅರ್ಜಿಗಳನ್ನು ಯಾರೂ ತೆರೆದೇ ನೋಡದ ಕಾರಣ ಅವರ ಪರವಾಗಿ ದೂರುವವರು ಇರುವುದಿಲ್ಲ, ಹೀಗಾಗಿ ಗಡಿ ಮೆಲ್ಲಗೆ ಮೇಲಕ್ಕೇ ಸರಿಯುತ್ತದೆ. ರೀಕಾಲ್ ತಿಳಿಯಬೇಕಾದರೆ ತಿರಸ್ಕೃತ ಅರ್ಜಿಗಳಲ್ಲಿ ಕೆಲವನ್ನು ಎತ್ತಿ ಓದಲೇಬೇಕು. ಆದರೆ 960ರಲ್ಲಿ 18 ಎಂದರೆ ಶೇ. 2ಕ್ಕಿಂತಲೂ ಕಡಿಮೆ, ಮನಬಂದಂತೆ 50 ಅರ್ಜಿ ಎತ್ತಿದರೆ ಒಬ್ಬ ಯೋಗ್ಯರೂ ಸಿಗದಿರುವ ಸಾಧ್ಯತೆ ಮೂರರಲ್ಲೊಂದಕ್ಕಿಂತ ಹೆಚ್ಚಿರುವುದರಿಂದ, ಎಲ್ಲವೂ ಸರಿಯಿದೆ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಅದೇ 50ನ್ನು ಗಡಿಯ ಕೆಳಗಿನ ಪಟ್ಟಿಯಿಂದ, ಅಂದರೆ 50ರಿಂದ 70ರೊಳಗೆ ಅಂಕ ಪಡೆದ 110 ಮಂದಿಯಿಂದ, ಎತ್ತಿದರೆ ಸುಮಾರು 6 ಯೋಗ್ಯರು ಸಿಗುತ್ತಾರೆ. ಆ 50 ಅರ್ಜಿಗಳನ್ನು ಆಯ್ಕೆಯಾದ ಅರ್ಜಿಗಳೊಡನೆ ಬೆರೆಸಿ, ಯಾವುದು ಎಲ್ಲಿಂದ ಬಂದದ್ದೆಂದು ಹೇಳದೆ ಓದಿಸುವುದು ಲೇಸು. ‘ತಿರಸ್ಕೃತ’ ಎಂಬ ಗುರುತು ಕಂಡರೆ ಓದುವವರೂ ತಂತ್ರಾಂಶದ ತೀರ್ಪಿಗೇ ತಲೆಯಾಡಿಸುತ್ತಾರೆ.

ಹೀಗೆ ಸಿಕ್ಕವರ ಅರ್ಜಿಗಳಲ್ಲಿ ಸೋತದ್ದರ ಕಾರಣವೂ ಸಿಗುತ್ತದೆ. ತಂತ್ರಾಂಶ `PostgreSQL` ಎಂಬ ಪದವನ್ನೇ ಹುಡುಕುತ್ತಿದ್ದು, ಅಭ್ಯರ್ಥಿ `Postgres` ಎಂದಷ್ಟೇ ಬರೆದಿದ್ದರೆ ಹತ್ತು ವರ್ಷದ ಅನುಭವವೂ ಲೆಕ್ಕಕ್ಕೆ ಬಾರದು. `PostgreSQL OR Postgres` ಎಂದು ನಿಯಮ ತಿದ್ದಿದರೆ ಗಡಿಯನ್ನು ಮುಟ್ಟದೆಯೇ ರೀಕಾಲ್ ಏರುತ್ತದೆ, ಪ್ರಿಸಿಷನ್ ಬಹುತೇಕ ಇದ್ದಲ್ಲೇ ಉಳಿಯುತ್ತದೆ. ಆದರೆ ಅಂಕ ಕೊಡುವ ಮೊದಲೇ ಅರ್ಜಿಯನ್ನು ಹೊರಗೆಸೆಯುವ ನಿಯಮಗಳ ಕಥೆ ಬೇರೆ. ಉದ್ಯೋಗದಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಿಡುವಿದ್ದರೆ ತಳ್ಳಿಹಾಕುವ ಇಂಥದೊಂದು ನಿಯಮ ವ್ಯಾಪಕವಾಗಿದೆಯೆಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರ ಜಂಟಿ ವರದಿಯಲ್ಲಿ ಗುರುತಿಸಿದ್ದವು. ಹೆರಿಗೆಗೋ ಹಿರಿಯರ ಆರೈಕೆಗೋ ಕೆಲಸ ಬಿಟ್ಟಿದ್ದವರು ಈ ನಿಯಮಕ್ಕೆ ಸಿಕ್ಕರೆ ಅವರಿಗೆ ಅಂಕವೇ ಇರುವುದಿಲ್ಲವಾದ್ದರಿಂದ, ಗಡಿಯ ಕೆಳಗಿನ ಪಟ್ಟಿಯನ್ನು ಎಷ್ಟು ಜಾಲಾಡಿದರೂ ಅವರು ಕಾಣುವುದಿಲ್ಲ. ಅಂಕವಿಲ್ಲದೆ ಹೊರಬಿದ್ದ ಅರ್ಜಿಗಳ ರಾಶಿಯಿಂದ ಬೇರೆಯಾಗಿಯೇ ಮಾದರಿ ಎತ್ತಬೇಕಾಗುತ್ತದೆ.