ಮೇ ತಿಂಗಳ ಇಪ್ಪತ್ತು ರೂಪಾಯಿ

ವಾರದ ಉಳಿತಾಯದ ಲೆಕ್ಕ ಮುಗಿದ ಮೇಲೆ ಸ್ತ್ರೀಶಕ್ತಿ ಸಂಘದಲ್ಲಿ ವಿಮೆಯ ಮಾತು ತೆಗೆದರೆ ಮೊದಲ ಪ್ರಶ್ನೆ ಹೀಗಿರುತ್ತದೆ: ‘ಸಂಘದ ಖಾತೆಯಿಂದಲೇ ಎಲ್ಲರಿಗೂ ಕಟ್ಟಬಹುದಲ್ವಾ ಅಕ್ಕಾ?’ ಆಗದು. ಸದಸ್ಯೆಯ ಸ್ವಂತ ಉಳಿತಾಯ ಖಾತೆಯೇ ಬೇಕು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಒಂದು ಕಣ್ಣು, ಕೈ ಅಥವಾ ಕಾಲು ಪೂರ್ತಿ ಹೋದರೆ 1 ಲಕ್ಷ. ರಕ್ಷಣೆ ಜೂನ್ 1ರಿಂದ ಮೇ 31ರವರೆಗೆ. ಎಡವುವುದು ಇಲ್ಲೇ: ಮೇ ಕೊನೆಯಲ್ಲಿ ಖಾತೆ ಖಾಲಿಯಿದ್ದರೆ ಕಂತು ಕಡಿತವಾಗುವುದಿಲ್ಲ, ವಿಮೆ ನಿಂತುಹೋಗುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಗೊತ್ತಾಗುತ್ತದೆ.

ಹೊಲದಲ್ಲಿ ಹಾವು ಕಚ್ಚಿ ಸತ್ತರೂ ಇದು ಅಪಘಾತವೇ. ಆದರೆ ಕೂಡಲೇ ಆಸ್ಪತ್ರೆಗೆ ಒಯ್ದ ದಾಖಲೆ ಬೇಕು. ನಾಟಿ ಮದ್ದಿಗೆ ಕಾದು ಕೂತವರಿಗೆ ಜೀವವೂ ಕಷ್ಟ, ಕ್ಲೇಮೂ ಕಷ್ಟ. ರಸ್ತೆ ಅಪಘಾತವಾದರೆ ಪೊಲೀಸ್ ದೂರು ಬೇಕು. ಹೃದಯಾಘಾತಕ್ಕೆ ಈ ವಿಮೆ ಬರದು.

ಪಿಂಚಣಿಗೆ ಅಟಲ್ ಪೆನ್ಷನ್ ಯೋಜನೆ ಇದೆ. ಸೇರಲು 18ರಿಂದ 40 ವರ್ಷ, ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಅರವತ್ತರ ನಂತರ ತಿಂಗಳಿಗೆ 1,000 ರೂಪಾಯಿ ಬೇಕೆಂದರೆ 30ರ ಹೆಣ್ಣುಮಗಳು ತಿಂಗಳಿಗೆ 116 ರೂಪಾಯಿ ಕಟ್ಟಬೇಕು. 40ರಲ್ಲಿ ಸೇರಿದವರಿಗೆ ಅದೇ 291. ಕೂಲಿ ಸಿಗದ ತಿಂಗಳುಗಳಿರುವ ಮನೆಗೆ ಮೂರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆಯೇ ವಾಸಿ. 45 ದಾಟಿದ ಅತ್ತೆಯರಿಗೆ ಇದರಲ್ಲಿ ಜಾಗವಿಲ್ಲವೆಂದು ಸಭೆಯಲ್ಲೇ ಹೇಳಿಬಿಡಬೇಕು. ಅರ್ಜಿಯಲ್ಲಿ ನಾಮಿನಿಯ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸುವುದು ಕ್ಷೇಮ.