ಕಾಡು ಯಾವ ಜಿಲ್ಲೆಯ ಲೆಕ್ಕಕ್ಕೆ?

ಚಾಮರಾಜನಗರ ಜಿಲ್ಲೆಯ ಬಗ್ಗೆ ಯಾರಾದರೂ ಬರೆಯಲು ಕೂತರೆ ನಾಲ್ಕು ಹೆಸರುಗಳು ತಾನಾಗಿ ಬರುತ್ತವೆ: ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಜೀವಿಧಾಮ. ಬಂಡೀಪುರ ಸುಮಾರು 872 ಚದರ ಕಿಲೋಮೀಟರ್, ಬಿಳಿಗಿರಿರಂಗನ ಬೆಟ್ಟದ ಧಾಮ 539, ಮಲೆ ಮಹದೇಶ್ವರ 906, ಕಾವೇರಿ 1,027. ಕೂಡಿದರೆ 3,300 ದಾಟುತ್ತದೆ. ಜಿಲ್ಲೆಯ ವಿಸ್ತೀರ್ಣ 5,648 ಚದರ ಕಿಲೋಮೀಟರ್. ಹಾಗಾದರೆ ಜಿಲ್ಲೆಯ ಶೇ. 59ರಷ್ಟು ಭಾಗ ವನ್ಯಜೀವಿಗಳಿಗೆ ಮೀಸಲು ಎಂದು ಬರೆದುಬಿಡಬಹುದು.

ಬರೆದರೆ ತಪ್ಪಾಗುತ್ತದೆ. ಅದನ್ನು ಹಿಡಿಯಲು ಇನ್ನೊಂದೇ ಅಂಕಿ ಸಾಕು. ಕೃಷಿ ಅಂಕಿಅಂಶಗಳ ಭೂಬಳಕೆ ಪಟ್ಟಿಯಲ್ಲಿ ಈ ಜಿಲ್ಲೆಯ ‘ಅರಣ್ಯ’ ಕಲಂನಲ್ಲಿರುವುದು ಸುಮಾರು 2.75 ಲಕ್ಷ ಹೆಕ್ಟೇರ್, ಅಂದರೆ 2,750 ಚದರ ಕಿಲೋಮೀಟರ್. ಜಿಲ್ಲೆಯಲ್ಲಿರುವ ಒಟ್ಟು ಕಾಡಿಗಿಂತ ಅದರೊಳಗಿನ ಧಾಮಗಳೇ ದೊಡ್ಡದಾಗಿರಲು ಸಾಧ್ಯವಿಲ್ಲ. ಹೆಚ್ಚುವರಿಯಾಗಿ ಕಾಣುವ ಆರುನೂರು ಚದರ ಕಿಲೋಮೀಟರ್ ಬಂದದ್ದು ಪಕ್ಕದ ಜಿಲ್ಲೆಗಳಿಂದ.

ಬಂಡೀಪುರದ ಹೆಸರು ಕೇಳಿದ ತಕ್ಷಣ ಗುಂಡ್ಲುಪೇಟೆ ನೆನಪಾಗುವುದು ಸಹಜ, ಊಟಿಗೆ ಹೋಗುವ ರಸ್ತೆ ಅಲ್ಲೇ ತಾನೆ ಕಾಡು ಹೊಕ್ಕುವುದು. ಗೋಪಾಲಸ್ವಾಮಿ ಬೆಟ್ಟ, ಮದ್ದೂರು, ಕುಂದಕೆರೆ ವಲಯಗಳು ಆ ಕಡೆಯವು. ಆದರೆ ಪಶ್ಚಿಮಕ್ಕೆ ಕಬಿನಿಯತ್ತ ಸರಿದಂತೆ ಎನ್. ಬೇಗೂರು, ಗುಂಡ್ರೆ ವಲಯಗಳು ಸಿಗುತ್ತವೆ. ಅವು ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ನೆಲ, ಮೈಸೂರು ಜಿಲ್ಲೆಗೆ ಸೇರಿದ್ದು. ಹುಲಿಗೂ ಅರಣ್ಯ ಇಲಾಖೆಗೂ ಅದೆಲ್ಲ ಒಂದೇ ಕಾಡು. ಕಂದಾಯ ಇಲಾಖೆಗೆ ಎರಡು ಜಿಲ್ಲೆಗಳ ಸ್ವತ್ತು. ಕಾವೇರಿ ಧಾಮದ ಕಥೆಯೂ ಇದೇ. ಅದು ಚಾಮರಾಜನಗರದ ಜೊತೆಗೆ ಹಳೆಯ ರಾಮನಗರ ಮತ್ತು ಮಂಡ್ಯ ಜಿಲ್ಲೆಗಳಲ್ಲೂ ಹಬ್ಬಿದೆ.

ಈ ಗೊಂದಲದ ಬೇರು ಇರುವುದು ಎರಡು ಬೇರೆ ಬೇರೆ ಕಾನೂನುಗಳಲ್ಲಿ. ಜಿಲ್ಲೆಯ ಗಡಿ ನಿಗದಿಯಾಗುವುದು ಭೂಕಂದಾಯ ಕಾಯ್ದೆಯ ಅಡಿಯಲ್ಲಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳು ಘೋಷಣೆಯಾಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ. ಧಾಮವೆಂದು ಘೋಷಿಸಿದ ಮಾತ್ರಕ್ಕೆ ಆ ನೆಲ ಜಿಲ್ಲೆಯಿಂದ ಹೊರಗೆ ಹೋಗುವುದಿಲ್ಲ, ಜಿಲ್ಲೆ ಒಂದು ಗುಂಟೆಯಷ್ಟೂ ಚಿಕ್ಕದಾಗುವುದಿಲ್ಲ. 2013ರಲ್ಲಿ ಮಲೆ ಮಹದೇಶ್ವರ ಧಾಮ ಘೋಷಣೆಯಾದಾಗ ಜಿಲ್ಲೆಯ ಒಟ್ಟು ವಿಸ್ತೀರ್ಣ ಬದಲಾಗಲಿಲ್ಲ. ಮೊದಲೇ ಕಾಡೆಂದು ಲೆಕ್ಕಕ್ಕೆ ಬಂದಿದ್ದ ನೆಲಕ್ಕೆ ಇನ್ನೊಂದು ಕಾನೂನಿನ ರಕ್ಷಣೆ ಸಿಕ್ಕಿತು, ಅಷ್ಟೆ. ಆದ್ದರಿಂದ ‘ಜಿಲ್ಲೆಯ ವಿಸ್ತೀರ್ಣ ಇಷ್ಟು, ಅದರ ಜೊತೆಗೆ ಅಭಯಾರಣ್ಯ ಇಷ್ಟು’ ಎಂಬ ವಾಕ್ಯವೇ ಸರಿಯಲ್ಲ. ಅಭಯಾರಣ್ಯ ಯಾವತ್ತೂ ಜಿಲ್ಲೆಯ ಮೊತ್ತದ ಒಳಗಿನದು.

ಧಾಮದ ಯಾವ ಪಾಲು ಯಾವ ಜಿಲ್ಲೆಯದು ಎಂದು ತಿಳಿಯಬೇಕಾದರೆ ಧಾಮದ ಒಟ್ಟು ಅಂಕಿಯನ್ನು ಬಿಟ್ಟು ಅಧಿಸೂಚನೆಯ ಅನುಸೂಚಿಗೆ ಹೋಗಬೇಕು. ಯಾವ ಮೀಸಲು ಅರಣ್ಯ, ಯಾವ ತಾಲ್ಲೂಕು, ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ಅಲ್ಲಿರುತ್ತದೆ. ಅದನ್ನು ತಾಲ್ಲೂಕುವಾರು ಬಿಡಿಸಿ, ಆಮೇಲೆ ಜಿಲ್ಲಾವಾರು ಕೂಡಬೇಕು. ಅರಣ್ಯ ಇಲಾಖೆಯ ವಲಯಗಳನ್ನು ನೆಚ್ಚಿಕೊಂಡರೆ ಸಾಲದು, ಏಕೆಂದರೆ ವಲಯದ ಗಡಿ ಹಾಕುವುದು ಕಾಡಿನ ಕಾವಲಿನ ಅನುಕೂಲ ನೋಡಿ, ತಾಲ್ಲೂಕಿನ ಎಲ್ಲೆ ನೋಡಿ ಅಲ್ಲ.

ಇನ್ನೊಂದು ಎಡವಟ್ಟು ಒಂದೇ ನೆಲಕ್ಕೆ ಎರಡು ಹೆಸರಿರುವುದರಿಂದ ಆಗುತ್ತದೆ. ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಗಿ 539 ಚದರ ಕಿಲೋಮೀಟರ್. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾದಾಗ ಅಂಚಿನ ಕಾಡೂ ಸೇರಿ ಸುಮಾರು 575 ಆಯಿತು. ಅದರಲ್ಲಿ 359 ಚದರ ಕಿಲೋಮೀಟರ್ ನಡುಗಾಡು, ಉಳಿದದ್ದು ಬಫರ್. ಪಟ್ಟಿಯಲ್ಲಿ ಅಭಯಾರಣ್ಯದ ಸಾಲನ್ನೂ ಹುಲಿ ಸಂರಕ್ಷಿತ ಪ್ರದೇಶದ ಸಾಲನ್ನೂ ಕಂಡವರು ಎರಡನ್ನೂ ಕೂಡಿದರೆ ಅದೇ ಬೆಟ್ಟ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಆ ಬೆಟ್ಟದ ಪೋಡುಗಳಲ್ಲಿರುವ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕಿವೆ. ಜೇನು, ನೆಲ್ಲಿಕಾಯಿ ತರುವ ಹಕ್ಕು ಅವರದು. ಹಾಗೆಂದು ಆ ನೆಲ ಧಾಮದ ವಿಸ್ತೀರ್ಣದಿಂದ ಕಳೆದುಹೋಗಿಲ್ಲ. ಹಕ್ಕಿನ ದಾಖಲೆ ಬೇರೆ, ವಿಸ್ತೀರ್ಣದ ದಾಖಲೆ ಬೇರೆ.

ಇದುವರೆಗೆ 5,648 ಎಂಬ ಅಂಕಿ ಗಟ್ಟಿ ಎಂದುಕೊಂಡೇ ಲೆಕ್ಕ ನಡೆದಿದೆ. ಅಸಲಿಗೆ ಚಾಮರಾಜನಗರದ ವಿಸ್ತೀರ್ಣ ಎಷ್ಟೋ ಪುಸ್ತಕಗಳಲ್ಲಿ ಇಂದಿಗೂ 5,101 ಎಂದೇ ಅಚ್ಚಾಗುತ್ತದೆ. ಮೈಸೂರಿನದೂ ಎರಡು ರೀತಿ: ಒಂದು ಕಡೆ 6,854, ಇನ್ನೊಂದು ಕಡೆ 6,307. ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ವಿಷಯ ಸ್ಪಷ್ಟವಾಗುತ್ತದೆ. ಒಂದರಲ್ಲಿ 547 ಹೆಚ್ಚಿದೆ, ಇನ್ನೊಂದರಲ್ಲಿ ಅಷ್ಟೇ 547 ಇಳಿದಿದೆ. ಹೇಗೆ ಕೂಡಿದರೂ ಎರಡೂ ಜಿಲ್ಲೆಗಳ ಮೊತ್ತ 11,955. ಎರಡೂ 1997ರವರೆಗೆ ಒಂದೇ ಜಿಲ್ಲೆಯಾಗಿದ್ದವು. ಹೊಸ ನೆಲ ಎಲ್ಲಿಂದಲೂ ಬಂದಿಲ್ಲ, 547 ಚದರ ಕಿಲೋಮೀಟರ್ ಒಂದು ಕಲಂನಿಂದ ಇನ್ನೊಂದಕ್ಕೆ ಹೋಗಿದೆ. 2011ರ ಜನಗಣತಿ ಬಳಸಿದ್ದು ಯಾವುದನ್ನು ಎಂಬುದಕ್ಕೆ ಜನಸಾಂದ್ರತೆಯೇ ಸಾಕ್ಷಿ. ಜಿಲ್ಲೆಯ 10,20,791 ಜನರನ್ನು 5,648ರಿಂದ ಭಾಗಿಸಿದರೆ ಪ್ರಕಟಿತ ಅಂಕಿಯಾದ 181 ಬರುತ್ತದೆ. 5,101ರಿಂದ ಭಾಗಿಸಿದರೆ 200 ಬರುತ್ತದೆ. ಕಾಡಿನ ಶೇಕಡಾವಾರು ಲೆಕ್ಕವೂ ಹೀಗೆಯೇ ಹೊರಳುತ್ತದೆ: ಅದೇ 2,750 ಚದರ ಕಿಲೋಮೀಟರ್ ಕಾಡು ಹಳೆಯ ಅಂಕಿಯಲ್ಲಿ ಶೇ. 54, ಹೊಸದರಲ್ಲಿ ಶೇ. 49.

ಪಕ್ಕದ ಕೊಡಗಿನಲ್ಲಿ ತೊಡಕು ಇರುವುದು ‘ಕಾಡು’ ಎಂದರೆ ಯಾವುದು ಎಂಬಲ್ಲಿ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಚಿತ್ರ ನೋಡಿ, ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆತ್ತಿ ಶೇ. 10ರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದನ್ನು ಅರಣ್ಯ ಹೊದಿಕೆ ಎನ್ನುತ್ತದೆ. ನೆಲದ ಒಡೆಯರು ಯಾರೆಂದು ಕೇಳುವುದಿಲ್ಲ. ಹಾಗಾಗಿ ನೆರಳು ಮರಗಳ ಕೆಳಗಿನ ಕಾಫಿ ತೋಟಗಳೂ ಸೇರಿ ಕೊಡಗಿನ ಹೊದಿಕೆ ಶೇ. 80ರ ಆಸುಪಾಸಿಗೆ ಏರುತ್ತದೆ. ಭೂಬಳಕೆ ಪಟ್ಟಿಯ ಅರಣ್ಯ ಕಲಂನಲ್ಲಿ ಅದೇ ಜಿಲ್ಲೆಗೆ ಇರುವುದು ಮೂರನೇ ಒಂದು ಭಾಗದಷ್ಟು ಮಾತ್ರ. 643 ಚದರ ಕಿಲೋಮೀಟರಿನ ನಾಗರಹೊಳೆಯಲ್ಲಿ ಕೊಡಗಿನ ಪಾಲಿರುವುದು ಈ ಎರಡನೆಯ ಲೆಕ್ಕದಲ್ಲೇ, ಉಳಿದದ್ದು ಮೈಸೂರಿನದು.

ಕಾಡು ಜಿಲ್ಲೆಯ ಮೊತ್ತದೊಳಗೇ ಇರುವುದರಿಂದ ಜನರ ಬದುಕಿನ ಅಂಕಿಗಳೂ ಹಿಗ್ಗುತ್ತವೆ, ಕುಗ್ಗುತ್ತವೆ. 181 ಎಂಬ ಸಾಂದ್ರತೆಯನ್ನು ಓದಿದವರಿಗೆ ಚಾಮರಾಜನಗರ ವಿರಳ ಜನವಸತಿಯ ಸೀಮೆ ಎನಿಸುತ್ತದೆ. ಆದರೆ ಅಲ್ಲಿಯ ಜನ ಕಾಡಿನ ತುಂಬ ಹರಡಿಕೊಂಡಿಲ್ಲ. ಅರಣ್ಯದ 2,750 ಚದರ ಕಿಲೋಮೀಟರ್ ಕಳೆದರೆ ಉಳಿಯುವುದು ಸುಮಾರು 2,900. ಊರು, ಹೊಲ, ಕೆರೆ, ರಸ್ತೆ ಎಲ್ಲವೂ ಅಷ್ಟರಲ್ಲೇ ಇವೆ. ಪೋಡುಗಳಲ್ಲೂ ಕಾಡೊಳಗಿನ ಹಟ್ಟಿಗಳಲ್ಲೂ ಇರುವ ಕೆಲವು ಸಾವಿರ ಜನರನ್ನು ಬಿಟ್ಟರೆ ಮಿಕ್ಕವರೆಲ್ಲ ಅಲ್ಲಿಯೇ ಇದ್ದಾರೆ. ಆ ಲೆಕ್ಕದಲ್ಲಿ ಚದರ ಕಿಲೋಮೀಟರಿಗೆ 350 ಜನ.